ಎಂಟರಲ್ಲೊಂದು ಪಾಲಿನ ಗರ್ವ

ನಮ್ಮ ಮನೆತನದವರೆಲ್ಲ ಸಾಲಿಗ್ರಾಮದ ಕಡೆ ದೇವಸ್ಥಾನದ ಸೇವೆ ಮಾಡಿಕೊಂಡು ಬಂದವರು. ನನಗೆ ಮಂತ್ರ ಹತ್ತಲಿಲ್ಲ, ಅದನ್ನು ಹೇಳುವ ಗಂಟಲು ಮಾತ್ರ ಬಂತು. ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆದ ಮೇಲೆ ಆ ಗಂಟಲನ್ನು ಗಿರಾಕಿಗಳ ಮೇಲೆ ಬಳಸತೊಡಗಿದೆ. ಅದು ನನಗೇ ತಿರುಗಿ ಬಡಿದದ್ದು ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ.

ಮೂರು ಮಹಡಿಯ ಅಂಗಡಿ. ತಾರಸಿಯ ಕೋಣೆಯಲ್ಲಿ ಒಂದು ದೊಡ್ಡ ಬ್ಲೋವರ್ ಇತ್ತು. ಅದೇ ತಣ್ಣನೆಯ ಗಾಳಿಯನ್ನು ತಗಡಿನ ಡಕ್ಟಿಗೆ ತಳ್ಳಿ ಮೂರೂ ಮಹಡಿಗೆ ಕಳಿಸುತ್ತಿತ್ತು. ಒಂದೊಂದು ಮಹಡಿಯಲ್ಲಿ ಎರಡೆರಡು ಪೆಟ್ಟಿಗೆ, ಪ್ರತಿ ಪೆಟ್ಟಿಗೆಯೊಳಗೆ ಒಂದು ತಗಡಿನ ಬಾಗಿಲು. ಗೋಡೆಯ ಥರ್ಮೋಸ್ಟ್ಯಾಟಿಗೆ ಸೆಕೆ ಅನಿಸಿದರೆ ಆ ಬಾಗಿಲು ತೆರೆಯುತ್ತದೆ, ತಂಪಾದರೆ ಮುಚ್ಚಿಕೊಳ್ಳುತ್ತದೆ. ಈ ಬಾಗಿಲಿಗೆ ನಮ್ಮ ಕಸುಬಿನಲ್ಲಿ ಡ್ಯಾಂಪರ್ ಎನ್ನುತ್ತಾರೆ. ಬ್ಲೋವರಿಗೆ ಮಾತ್ರ ಇದರ ಪರಿವೆಯೇ ಇರಲಿಲ್ಲ. ಜನ ಇರಲಿ ಬಿಡಲಿ ಪೂರ್ತಿ ವೇಗದಲ್ಲೇ ತಿರುಗುತ್ತಿತ್ತು, ಹೆಚ್ಚಾದ ಗಾಳಿಯನ್ನು ಅದರ ಬಾಯಲ್ಲಿದ್ದ ಇನ್ನೊಂದು ಡ್ಯಾಂಪರ್ ಅಡ್ಡಗಟ್ಟುತ್ತಿತ್ತು. ಗಾಡಿಯ ಎಕ್ಸಲರೇಟರ್ ಒತ್ತಿ ಹಿಡಿದು ಬ್ರೇಕಿನಲ್ಲೇ ಓಡಿಸಿದ ಹಾಗೆ.

ನಾನು ಯಜಮಾನರ ಎದುರು ಕೂತು, ಅವರ ಬಿಲ್ ಪುಸ್ತಕದ ಹಿಂಬದಿಯಲ್ಲೇ ಬರೆದು ತೋರಿಸಿದೆ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಒತ್ತಡ ಕಾಲು ಭಾಗವಾಗುತ್ತದೆ, ಕರೆಂಟಿನ ಖರ್ಚು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ನನ್ನ ಮಾತಲ್ಲ, ಫ್ಯಾನಿನ ನಿಯಮ ಎಂದೆ. ಪೂರ್ತಿ ಗಾಳಿ ಕೊಡುವಾಗ ನಿಮ್ಮ ಬ್ಲೋವರ್ ಹನ್ನೆರಡು ಕಿಲೋವ್ಯಾಟ್ ತಿನ್ನುತ್ತದೆ. ಅರ್ಧ ಗಾಳಿ ಸಾಕಾಗುವ ಹೊತ್ತಿನಲ್ಲಿ ಡ್ರೈವ್ ಇದ್ದರೆ ಒಂದೂವರೆ ಸಾಕು. ಡ್ರೈವ್ ಅಂದರೆ ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಪೆಟ್ಟಿಗೆ. ಅಲ್ಲೇ ನಿಂತಿದ್ದ ಸೀರೆ ಕೌಂಟರಿನ ಹಿರಿಯ ಹೆಂಗಸು, ಅಂದ್ರೆ ಮನೆ ಫ್ಯಾನಿನ ರೆಗ್ಯುಲೇಟರ್ ಅಲ್ದಾ, ಎಂದು ಕೇಳಿದರು. ಅಲ್ಲ ಎಂದು ಹೇಳಲು ನಾನು ಇಪ್ಪತ್ತು ನಿಮಿಷ ತೆಗೆದುಕೊಂಡೆ. ಅಷ್ಟರಲ್ಲಿ ಅವರು ಎರಡು ಸೀರೆ ಮಾರಿದ್ದರು.

ಡ್ರೈವ್ ಕೂತಿತು. ಬ್ಲೋವರಿನ ಬಾಯಲ್ಲಿದ್ದ ಡ್ಯಾಂಪರನ್ನು ಪೂರ್ತಿ ತೆರೆದು ಬೋಲ್ಟ್ ಬಿಗಿದೆ. ಡಕ್ಟಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ಮೊದಲೇ ಇತ್ತು, ಅದರ ವೈರನ್ನು ಡ್ರೈವಿಗೆ ಕೊಟ್ಟು, ಹಳೆಯ ಕಾಗದದಲ್ಲಿ ಬರೆದಿದ್ದ ಹಾಗೆಯೇ ಐನೂರು ಪಾಸ್ಕಲ್ ಒತ್ತಡ ಕಾಯ್ದುಕೊಳ್ಳಲು ಹೇಳಿದೆ. ಒಂದು ಮಂಗಳವಾರ ಬೆಳಿಗ್ಗೆ, ಅಂಗಡಿಯಲ್ಲಿ ಜನ ವಿರಳವಾಗಿದ್ದಾಗ ಯಜಮಾನರನ್ನೇ ತಾರಸಿಗೆ ಕರೆದುಕೊಂಡು ಹೋಗಿ ಮೀಟರ್ ತೋರಿಸಿದೆ. ತೋರಿಸುವ ಮೊದಲು ನಾನು ನೋಡಿಕೊಳ್ಳಬೇಕಿತ್ತು. ನಾಲ್ಕೂವರೆ ಕಿಲೋವ್ಯಾಟ್. ವೇಗ ಮೂವತ್ತೆಂಟು ಹರ್ಟ್ಸಿನಲ್ಲಿ ನಿಂತಿತ್ತು; ಪೂರ್ತಿ ವೇಗ ಐವತ್ತು, ಅರ್ಧ ಎಂದರೆ ಇಪ್ಪತ್ತೈದು ಇರಬೇಕಿತ್ತು.

ಮೊದಲು ಇದೇ ಹೊತ್ತಿನಲ್ಲಿ ಒಂಬತ್ತು ಬರುತ್ತಿತ್ತು. ಅರ್ಧಕ್ಕೆ ಅರ್ಧ ಉಳಿತಾಯ ಎಂದರೆ ಯಾರಾದರೂ ಕೈ ಕುಲುಕಬೇಕು. ಆದರೆ ನಾನು ಬರೆದುಕೊಟ್ಟದ್ದು ಒಂದೂವರೆ. ಯಜಮಾನರು ಕನ್ನಡಕ ಏರಿಸಿ ಮೀಟರನ್ನು ಎರಡು ಸಲ ಓದಿದರು.

"ನಿಮ್ಮ ನಿಯಮ ಕುಂದಾಪ್ರಕ್ಕೆ ಬಂದದ್ ಇಲ್ಯಾ ಹೇಳಿ ಕಾಣತ್ತ್" ಎಂದು ಇಳಿದು ಹೋದರು.

ನಿಯಮ ಬಂದಿತ್ತು, ನಾನೇ ಅದರ ದಾರಿಗೆ ಅಡ್ಡ ಕೂತಿದ್ದೆ. ವೇಗ ಅರ್ಧವಾದರೆ ಒತ್ತಡ ಕಾಲಾಗಬೇಕು ಎಂದು ಯಜಮಾನರಿಗೆ ಹೇಳಿದವನೂ ನಾನೇ, ಒತ್ತಡ ಐನೂರಕ್ಕಿಂತ ಕೆಳಗೆ ಇಳಿಯಕೂಡದು ಎಂದು ಡ್ರೈವಿಗೆ ಹೇಳಿದವನೂ ನಾನೇ. ಒತ್ತಡ ಇಳಿಯಲು ಬಿಡದಿದ್ದರೆ ವೇಗ ಹೇಗೆ ಇಳಿದೀತು? ಸೆನ್ಸರ್ ಬೇರೆ ಬ್ಲೋವರಿನ ಹತ್ತಿರವೇ ಇತ್ತು. ಕೆಳಗೆ ಪೆಟ್ಟಿಗೆಗಳು ಅರೆಬರೆ ಮುಚ್ಚಿಕೊಂಡು ಸಾಕು ಸಾಕು ಎನ್ನುತ್ತಿದ್ದರೂ ಬ್ಲೋವರ್ ಮೇಲಿಂದ ಐನೂರು ಪಾಸ್ಕಲ್ ಒತ್ತಿ ಹಿಡಿದಿತ್ತು. ಇಷ್ಟು ತಿಳಿಯಲು ನನಗೆ ಒಂದು ರಾತ್ರಿಯ ನಿದ್ದೆ ಮತ್ತು ಡಿಪ್ಲೊಮಾ ಕಾಲದ ನೋಟ್ಸ್ ಬೇಕಾಯಿತು.

ಪರಿಹಾರ ಇತ್ತು. ಒತ್ತಡದ ಗುರಿಯನ್ನು ಒಂದೇ ಕಡೆ ಕಟ್ಟಿಹಾಕದೆ ಪೆಟ್ಟಿಗೆಗಳ ಅಗತ್ಯ ನೋಡಿ ಇಳಿಸುತ್ತ ಹೋಗುವುದು. ಅದಕ್ಕೆ ಕಂಟ್ರೋಲರ್ ಎಂಬ, ಡ್ರೈವಿಗೆ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರ್ ತರಿಸಿದೆ. ಎರಡು ನಿಮಿಷಕ್ಕೊಮ್ಮೆ ಆರೂ ಡ್ಯಾಂಪರ್ ಎಷ್ಟೆಷ್ಟು ತೆರೆದಿವೆ ಎಂದು ಅದು ನೋಡಬೇಕು. ಎಲ್ಲಕ್ಕಿಂತ ಹೆಚ್ಚು ತೆರೆದದ್ದೂ ಇನ್ನೂ ಸಾಕಷ್ಟು ಮುಚ್ಚಿದ್ದರೆ ಒತ್ತಡ ಹೆಚ್ಚಾಗಿದೆ ಎಂದರ್ಥ, ಹತ್ತು ಪಾಸ್ಕಲ್ ಇಳಿಸು. ಯಾವುದಾದರೂ ಒಂದು ಪೂರ್ತಿ ತೆರೆದು ನಿಂತಿದ್ದರೆ ಅಲ್ಲಿಗೆ ಗಾಳಿ ಸಾಲುತ್ತಿಲ್ಲ, ಹದಿನೈದು ಏರಿಸು, ಆದರೆ ಐನೂರು ಮೀರಬೇಡ. ನಾನೇ ಕೂತು ಕಂಟ್ರೋಲರಿಗೆ ಇದನ್ನು ಬರೆದೆ. ಬರೆದು ಮುಗಿಸಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ.

ಮರುದಿನ ನೋಡಿದರೆ ಗುರಿ ಐನೂರರಲ್ಲೇ ಇತ್ತು. ಕೈಯಾರೆ ಇನ್ನೂರಕ್ಕೆ ಇಳಿಸಿದೆ. ಕೆಳಗೆ ಹೋಗಿ ಚಾ ಕುಡಿದು, ಒಂದಷ್ಟು ಫೋನು ಮುಗಿಸಿ ಬರುವಷ್ಟರಲ್ಲಿ ಹದಿನೈದು ಹದಿನೈದಾಗಿ ಮತ್ತೆ ಐನೂರು ಮುಟ್ಟಿತ್ತು. ಸೆನ್ಸರ್ ಕೆಟ್ಟಿದೆ ಎಂದು ಬಿಚ್ಚಿದೆ, ಸರಿಯಾಗಿಯೇ ಇತ್ತು. ವೈರಿಂಗ್ ಎಳೆದೆ. ಕಂಟ್ರೋಲರ್ ತಂದುಕೊಟ್ಟವನಿಗೆ ಫೋನ್ ಮಾಡಿ, ನನ್ನ ಲೆಕ್ಕ ತಪ್ಪುವ ಪ್ರಶ್ನೆಯೇ ಇಲ್ಲ ಎಂದೆ. ಮೂರು ದಿನ ಹೀಗೆ ಹೋಯಿತು. ನಾಲ್ಕನೆಯ ದಿನ, ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ: ಯಾವ ಡ್ಯಾಂಪರ್ ಹಟ ಹಿಡಿದಿದೆ ಎಂದು ಪರದೆಯಲ್ಲಿ ನೋಡಿದೆ. ಐದು ಪೆಟ್ಟಿಗೆಗಳು ಅರ್ಧದ ಆಸುಪಾಸಿನಲ್ಲಿದ್ದವು. ಆರನೆಯದು, ಮೂರನೆಯ ಮಹಡಿಯ ಮೂಲೆಯದ್ದು, ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ನೂರಕ್ಕೆ ನೂರು.

ಆ ಮೂಲೆಯಲ್ಲಿ ಸೀರೆಗೆ ಫಾಲ್ ಹಚ್ಚಿ ಇಸ್ತ್ರಿ ಮಾಡಿಕೊಡುವ ಒಬ್ಬ ಅಕ್ಕ ಕೂರುತ್ತಿದ್ದರು. ದಿನಾ ಹಾಲಾಡಿಯಿಂದ ಬಸ್ಸಿನಲ್ಲಿ ಬರುವವರು. ಅಲ್ಲಿ ಸೆಕೆ ತಡೆಯಲಾಗದೆ ಡ್ಯಾಂಪರ್ ಒದ್ದಾಡುತ್ತಿದೆ, ಡಕ್ಟ್ ಚಿಕ್ಕದಾಗಿರಬೇಕು, ಹೊಸ ಡಕ್ಟ್ ಹಾಕಿಸಬೇಕಾಗುತ್ತದೆ ಎಂದು ಮೆಟ್ಟಿಲು ಹತ್ತುತ್ತಲೇ ತೀರ್ಮಾನಿಸಿದೆ. ಹೋಗಿ ನೋಡಿದರೆ ಅಕ್ಕ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು.

ಇಲ್ಲಿ ಸೆಕೆ ಅಲ್ವಾ ಎಂದು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸೆಕಿ ಎಲ್ಲಿ ಮಾರ್ರೆ? ಚಳಿಯಂಗೆ ಕೈಯೇ ಓಡುದಿಲ್ಲ. ಹೋದ ತಿಂಗ್ಳೇ ನಿಮ್ಮತ್ರ ಹೇಳಿದ್ದೆ. ನೀವ್ ಎಂತದೋ ಎಂಟ್ರಲ್ ಒಂದ್ ಪಾಲ್ ಅಂದ್ಹೇಳಿ ಹೋದ್ರಿ."

ಹೌದು, ಹೇಳಿದ್ದರು. ಆಗ ನಾನು ಅವರಿಗೂ ಫ್ಯಾನಿನ ನಿಯಮ ವಿವರಿಸಿ, ಡ್ರೈವ್ ಬಂದ ಮೇಲೆ ಎಲ್ಲ ಸರಿಯಾಗುತ್ತದೆ ಎಂದಿದ್ದೆ. ಚಳಿ ಇದ್ದರೆ ಥರ್ಮೋಸ್ಟ್ಯಾಟ್ ಯಾಕೆ ಇನ್ನೂ ಗಾಳಿ ಕೇಳುತ್ತಿದೆ, ಅದು ಎಲ್ಲಿದೆ ಎಂದು ಗೋಡೆಯುದ್ದಕ್ಕೂ ಹುಡುಕಿದೆ. ಅಕ್ಕ ಸೂಜಿ ಹಿಡಿದ ಕೈಯಲ್ಲೇ ತೋರಿಸಿದರು. ಇಸ್ತ್ರಿ ಮೇಜಿನ ಹಿಂದಿನ ಗೋಡೆಯಲ್ಲಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಒಂದು ಗೇಣು ಎತ್ತರದಲ್ಲಿ, ಹಬೆಯಲ್ಲಿ ಮೀಯುತ್ತಿತ್ತು.

"ಇದನ್ನು ಇಲ್ಲಿ ಯಾರು ಹಾಕಿದ್ದು?" ಎಂದು ಸಿಟ್ಟಿನಲ್ಲೇ ಕೇಳಿದೆ.

"ನೀವೇ ಅಲ್ದಾ" ಎಂದರು ಅಕ್ಕ.

ನೆನಪಾಯಿತು. ಡ್ರೈವಿನ ಮಾತು ಬರುವ ಮೊದಲೇ, ಗೋಡೆಗೆ ಬಣ್ಣ ಹೊಡೆಸುವಾಗ ತೆಗೆದಿದ್ದನ್ನು ಮತ್ತೆ ಕೂರಿಸುವಾಗ ವೈರ್ ಸಾಲದೆ, ಸಿಕ್ಕಿದ ಕಡೆ ಮೊಳೆ ಹೊಡೆದವನು ನಾನೇ. ಹೊಸ ವೈರ್ ತರಲು ಕೆಳಗಿಳಿಯಲು ಅಂದು ಬೇಸರವಾಗಿತ್ತು. ಆ ಬೇಸರಕ್ಕೆ ಅಕ್ಕ ಸ್ವೆಟರ್ ಹಾಕಿದ್ದರು, ತಾರಸಿಯ ಬ್ಲೋವರ್ ದಿನವಿಡೀ ಐನೂರು ಪಾಸ್ಕಲ್ ಹೊತ್ತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಬಂದದ್ದು, ಇದು ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಕಾಣುವ ದೋಷ ಎಂಬ ಮಾತು. ಅಕ್ಕ ಫಾಲ್ ಹಚ್ಚುವುದನ್ನು ಮುಂದುವರಿಸಿದರು.

ಥರ್ಮೋಸ್ಟ್ಯಾಟನ್ನು ಅವರು ಕೂರುವ ಕಡೆಗೆ, ಗಾಳಿ ನೇರ ಬೀಳದ ಗೋಡೆಗೆ ಸರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಆರನೆಯ ಡ್ಯಾಂಪರ್ ಮುಚ್ಚಿಕೊಳ್ಳತೊಡಗಿತು. ತಾರಸಿಯಲ್ಲಿ ಕುಕ್ಕರಗಾಲಲ್ಲಿ ಕೂತು ಪರದೆ ನೋಡಿದೆ. ನಾನೂರ ತೊಂಬತ್ತು, ನಾನೂರ ಎಂಬತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು, ನಾನು ಏಳಲಿಲ್ಲ. ನೂರ ಐವತ್ತರ ಹತ್ತಿರ ಬಂದು ಅಲ್ಲೇ ತೂಗಾಡುತ್ತ ನಿಂತಿತು. ವೇಗ ಇಪ್ಪತ್ತೇಳು ಹರ್ಟ್ಸ್. ಮೀಟರಿನಲ್ಲಿ ಎರಡೂಕಾಲು ಕಿಲೋವ್ಯಾಟ್.

ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಹ್ವಾಯ್, ಎಸಿ ಬಂದ್ ಆಯ್ತಲೆ. ಎಂತ ಮಾಡಿದ್ರಿ?"

ಇಷ್ಟು ವರ್ಷ ಬ್ಲೋವರಿನ ಗುಂಯ್‌ಗುಟ್ಟುವಿಕೆಯನ್ನೇ ಅವರು ತಂಪು ಎಂದು ತಿಳಿದಿದ್ದರು. ಸದ್ದು ನಿಂತದ್ದೇ ಅವರಿಗೆ ಬೆವರು ಬಂದಿತ್ತು. ಬಂದ್ ಆಗಿಲ್ಲ ಎಂದರೆ ನಂಬಲಿಲ್ಲ. ಕೆಳಗಿಳಿದಾಗ ಸೀರೆ ಕೌಂಟರಿನ ಹಿರಿಯ ಹೆಂಗಸು ಒಂದು ಶಿಫಾನ್ ಸೀರೆಯ ಸೆರಗನ್ನು ಗಾಳಿ ಬರುವ ಜಾಲರಿಯ ಕೆಳಗೆ ಹಿಡಿದರು. ಸೆರಗು ಮೆಲ್ಲಗೆ ಹಾರಾಡಿತು. ನನ್ನ ಇಪ್ಪತ್ತು ನಿಮಿಷದ ಭಾಷಣ ಮಾಡಲಾಗದ್ದನ್ನು ಆ ಸೆರಗು ಮಾಡಿತು.

ಒಂದೂವರೆ ಅಂದಿರಿ, ಎರಡೂಕಾಲು ಬಂತಲ್ಲ ಎಂದು ಯಜಮಾನರು ಬಿಡದೆ ಕೇಳಿದರು. ಬೆಲ್ಟು, ಮೋಟಾರು, ಡ್ರೈವು ತಮ್ಮ ತಮ್ಮ ಪಾಲು ತಿನ್ನುತ್ತವೆ. ಪೆಟ್ಟಿಗೆಗಳು ಕೆಲಸ ಮಾಡಲು ಒಂದಷ್ಟು ಒತ್ತಡ ಬೇಕೇ ಬೇಕು. ಎಂಟರಲ್ಲೊಂದು ಎನ್ನುವುದು ಕಾಗದದ ಮೇಲಷ್ಟೇ ಮುಟ್ಟಬಹುದಾದ ಕೊನೆಯ ಗೆರೆ ಎಂದೆ. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದರು. ಹೇಳಬಹುದಿತ್ತು. ಮದುವೆ ಕಾಲದ ಭಾನುವಾರ ಅಂಗಡಿ ತುಂಬಿದಾಗ ಬ್ಲೋವರ್ ಹೆಚ್ಚುಕಡಿಮೆ ಪೂರ್ತಿ ವೇಗಕ್ಕೇ ಹೋಗುತ್ತದೆ, ಆಗ ಉಳಿತಾಯ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನೂ ಅಂದೇ ಹೇಳಿಬಿಟ್ಟೆ. ಒಳ್ಳೆಯ ಸುದ್ದಿಯ ನೆರಳಿನಲ್ಲಿ ಅದು ಅಷ್ಟಾಗಿ ಕಾಣಿಸಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಯಜಮಾನರು ನನಗಿಂತ ಜೋರಾಗಿ ನಿಯಮ ಹೇಳತೊಡಗಿದರು. ಅವರ ಬಾಯಲ್ಲಿ ಡಕ್ಟು, ಒತ್ತಡ, ಡ್ಯಾಂಪರ್ ಎಲ್ಲ ಉದುರಿಹೋಗಿ "ಸ್ಪೀಡ್ ಅರ್ಧ ಮಾಡಿ, ಕರೆಂಟ್ ಎಂಟ್ರಲ್ ಒಂದ್" ಎಂಬುದಷ್ಟೇ ಉಳಿಯಿತು. ಅದನ್ನು ಕೇಳಿದ ಅವರ ನೆಂಟರೊಬ್ಬರು ನಾವುಂದದಿಂದ ಫೋನ್ ಮಾಡಿದರು. ಅವರದ್ದು ಮೀನಿಗೆ ಐಸ್ ಮಾಡುವ ಘಟಕ. ಬಾವಿಯಿಂದ ಎತ್ತರದ ಟಾಂಕಿಗೆ ನೀರು ಏರಿಸುವ ಪಂಪಿಗೆ ಡ್ರೈವ್ ಹಾಕಿ ಅರ್ಧ ವೇಗ ಮಾಡಿಕೊಡಬೇಕಂತೆ.

ಹೋದೆ. ಗಾಳಿಯನ್ನು ಡಕ್ಟಿನಲ್ಲಿ ಓಡಿಸುವುದೂ ನೀರನ್ನು ಎತ್ತರಕ್ಕೆ ಹೊರುವುದೂ ಒಂದೇ ಅಲ್ಲ. ವೇಗ ಅರ್ಧ ಮಾಡಿದರೆ ಪಂಪಿನ ಒತ್ತಡ ಕಾಲಾಗುತ್ತದೆ, ಆದರೆ ಟಾಂಕಿ ಕಾಲು ಎತ್ತರಕ್ಕೆ ಇಳಿಯುವುದಿಲ್ಲ. ಪಂಪ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ನಡುದಾರಿಯಲ್ಲೇ ನಿಲ್ಲುತ್ತದೆ ಎಂದೆ. ಇಷ್ಟೇ ಹೇಳಿ, ಬದುಕಿನಲ್ಲಿ ಮೊದಲ ಸಲ, ಬಾಯಿ ಮುಚ್ಚಿದೆ. ಅವರು ಕತ್ತೆತ್ತಿ ಟಾಂಕಿಯನ್ನು ನೋಡಿದರು.

"ಹಂಗಾರೆ ನಮ್ಮ ಭಾವ ಹೇಳದ್ದ್ ಸುಳ್ಳಾ?"

ಭಾವ ಹೇಳಿದ್ದು ಸುಳ್ಳಲ್ಲ, ಅವರಿಗೆ ಹೇಳಿಕೊಟ್ಟವನು ಅರ್ಧ ಹೇಳಿದ್ದ ಎಂದೆ. ಹೇಳಿಕೊಟ್ಟವನು ಯಾರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಬುಟ್ಟಿಯ ಮೀನಿನ ಮೇಲೆ ಐಸ್ ಸುರಿಯುತ್ತಿದ್ದವರ ನಡುವೆ ದಾರಿ ಮಾಡಿಕೊಂಡು, ಬೈಕ್ ಹತ್ತಿ ಕುಂದಾಪುರಕ್ಕೆ ಬಂದೆ.