ಮುಂದಿನ ಚೀಟಿಗಳೂ ಸೇರಿವೆ

ಕೋರ್ಟಿನ ಎದುರು ಸಾಲಿನಲ್ಲಿ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ಕರೆಯುತ್ತಿದ್ದುದು ಅರ್ಧ ವಕೀಲ ಎಂದೇ. ಸಂಜೆ ಕಾಲೇಜಿನಲ್ಲಿ ಮೂರು ವರ್ಷದ ಕಾನೂನು ಓದಿಗೆ ಸೇರಿ, ಎರಡು ವರ್ಷ ಪಾಸಾಗಿ, ಮೂರನೆಯದಕ್ಕೆ ಹೋಗದೆ ಉಳಿದವನು. ನ್ಯಾಯವಾಗಿ ನೋಡಿದರೆ ಅರ್ಧಕ್ಕಿಂತ ಜಾಸ್ತಿಯೇ ಆಗಬೇಕು. ಅಡ್ಡಹೆಸರು ಇಡುವವರು ಅಷ್ಟೆಲ್ಲ ಲೆಕ್ಕ ನೋಡುತ್ತಾರೆಯೇ? ಕರೆದಾಗಲೆಲ್ಲ ಅವನೂ ಹಲ್ಲು ಕಿರಿದು ‘ಹೇಳಿ ಸ್ವಾಮಿ’ ಅನ್ನುತ್ತಿದ್ದ.

ಬಿಟ್ಟದ್ದು ಸೋಮಾರಿತನದಿಂದಲ್ಲ. ಮಗಳು ಹುಟ್ಟುವ ಮುಂಚೆ ಹೆಂಡತಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಅಂಗಡಿಗೆ ಗಿರಾಕಿ ಬರುವುದೂ ಕ್ಲಾಸು ನಡೆಯುವುದೂ ಒಂದೇ ಹೊತ್ತಿಗೆ. ‘ಮುಂದಿನ ವರ್ಷ ಮುಗಿಸ್ತೀನಿ’ ಅಂದ. ಆ ಮುಂದಿನ ವರ್ಷ ಮಾತ್ರ ಯಾವತ್ತೂ ಮುಂದೆಯೇ ನಿಂತಿತ್ತು. ಒಮ್ಮೆ ಕಾಲೇಜಿಗೆ ಹೋಗಿ ವಿಚಾರಿಸಿಯೂ ಬಂದ. ಇಷ್ಟು ವರ್ಷ ಬಿಟ್ಟವರು ಮತ್ತೆ ಮೊದಲನೇ ವರ್ಷದಿಂದಲೇ ಶುರು ಮಾಡಬೇಕು ಅಂದರು. ಅದನ್ನು ಮನೆಯಲ್ಲಿ ಹೇಳಲಿಲ್ಲ. ಪುಸ್ತಕಗಳು ಗೂಡಿನಲ್ಲಿ ಇದ್ದಷ್ಟು ದಿನ ತಾನಿನ್ನೂ ಓದು ಬಿಟ್ಟವನಲ್ಲ, ಸ್ವಲ್ಪ ತಡವಾದವನು ಎಂಬ ಭಾವ ಅವನಿಗೆ.

ಈಗ ಆ ಮಗಳೇ ಫಾರ್ಮಸಿ ಕಾಲೇಜು ಸೇರಿದ್ದಳು. ಇರುವ ಎರಡು ಕೋಣೆಯಲ್ಲಿ ಪುಸ್ತಕದ ಗೂಡು ಒಂದೇ. ಅವಳ ದಪ್ಪ ದಪ್ಪ ಪುಸ್ತಕಗಳು ಮಂಚದ ಕಾಲಿನ ಪಕ್ಕ ನೆಲದ ಮೇಲೆ ಬೆಳೆಯತೊಡಗಿದವು. ಗೂಡು ಖಾಲಿ ಮಾಡು ಅಂತ ತಾಯಿಯೂ ಅನ್ನಲಿಲ್ಲ, ಮಗಳೂ ಅನ್ನಲಿಲ್ಲ. ಯಾರಾದರೂ ಅಂದಿದ್ದರೆ ಜಗಳವಾಡಿ ಉಳಿಸಿಕೊಳ್ಳಬಹುದಿತ್ತು. ಒಂದು ರಜೆಯ ದಿನ ಅವನೇ ಬಾಯಿಬಿಟ್ಟ.

“ನನ್ನ ಪುಸ್ತಕ ಮಾರಿಬಿಡೋಣ. ಓದೋರಿಗಾದ್ರೂ ಆಗಲಿ.”

ಬಟ್ಟೆ ಮಡಚುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. “ಮನಸ್ಸಿನಿಂದ ಹೇಳ್ತಿದ್ದೀರಾ?”

“ಇನ್ನೆಲ್ಲಿಂದ ಹೇಳ್ಲಿ.”

ಮಗಳು ಫೋನು ಹಿಡಿದು ಕೂತಳು. ಸಂಜೆ ಕಾಲೇಜಿನವರು ಹಳೆ ಪುಸ್ತಕ ಮಾರಲು, ಕೊಳ್ಳಲು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಯಾವ ಪುಸ್ತಕ, ಎಷ್ಟನೇ ಆವೃತ್ತಿ, ಹೇಗಿದೆ, ಜೊತೆಗೆ ಏನೇನಿದೆ, ಇಷ್ಟೂ ಬರೆದು ಫೋಟೊ ಹಾಕಬೇಕು. ಮಗಳು ಮೊದಲ ಪುಸ್ತಕ ತೆಗೆದು ಒಳಪುಟದಲ್ಲಿ ಕಂಡ ಕೊನೆಯ ಇಸವಿಯನ್ನು ಒತ್ತಿದಳು.

“ಅದು ಮರುಮುದ್ರಣದ ಇಸವಿ ಕಣೆ. ಮೇಲೆ ನೋಡು, ಐದನೇ ಆವೃತ್ತಿ. ಎಷ್ಟು ಸಲ ಅಚ್ಚು ಹಾಕಿದ್ರೂ ಒಳಗಿರೋದು ಅದೇ. ಹೊಸ ಆವೃತ್ತಿ ಅಂದ್ಕೊಂಡು ಪಾಪ ಯಾರೋ ತಗೊಂಡು ಮೋಸ ಹೋಗ್ತಾರೆ.”

“ಹಾಗಾದ್ರೆ ಇದು ತುಂಬಾ ಹಳೇದು ಅಪ್ಪ. ಯಾರು ತಗೋತಾರೆ?”

“ಹಳೇದೇನಲ್ಲ,” ಅಂದ ಅವನು, ಸ್ವಲ್ಪ ಬಿರುಸಾಗಿಯೇ. “ಒಳಗೆ ತೆರೆದು ನೋಡು.”

ಮಗಳು ಪುಸ್ತಕ ತೆರೆದಳು. ಪುಟಪುಟಕ್ಕೂ ಸಣ್ಣ ಸಣ್ಣ ಚೀಟಿ. ಕಾನೂನು ತಿದ್ದುಪಡಿಯಾದಾಗಲೆಲ್ಲ ವಕೀಲರು ಆ ಪ್ರಕಟಣೆಯನ್ನು ಜೆರಾಕ್ಸ್ ಮಾಡಿಸಲು ಇವನಲ್ಲಿಗೇ ತರುತ್ತಿದ್ದರು. ಇವನು ಅವರನ್ನು ಕೇಳಿಯೇ ತನಗೂ ಒಂದು ಪ್ರತಿ ತೆಗೆದುಕೊಳ್ಳುತ್ತಿದ್ದ. ಬದಲಾದ ಸಾಲನ್ನು ಕತ್ತರಿಸಿ, ಹಳೆಯ ಸಾಲಿನ ಪಕ್ಕ ಅಂಚಿಗೆ ಮಾತ್ರ ಗೋಂದು ಹಚ್ಚಿ, ಕೆಳಗಿನದೂ ಕಾಣುವ ಹಾಗೆ ಅಂಟಿಸುತ್ತಿದ್ದ. ಹೆಂಡತಿ ಎದ್ದು ಬಂದು ಮಗಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಗಂಡ ರಾತ್ರಿ ಊಟವಾದ ಮೇಲೆ ಕತ್ತರಿ ಹಿಡಿದು ಕೂತಾಗ ಅಂಗಡಿಯ ಕೆಲಸ ಅಂದುಕೊಂಡಿದ್ದವಳು ಅವಳು. ಇಷ್ಟು ವರ್ಷ ಒಬ್ಬ ಮನುಷ್ಯ ಪರೀಕ್ಷೆಗೆ ತಯಾರಾಗುತ್ತಲೇ ಇದ್ದ, ಅದೂ ತನ್ನ ಕಣ್ಣೆದುರೇ. ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ಕಣ್ಣು ತುಂಬಿದ್ದು ಇವನಿಗೆ ಕಾಣಲಿಲ್ಲ.

ಬರೆದದ್ದು ಕೊನೆಗೆ ಹೀಗಾಯಿತು: “ಕಾನೂನು, ಮೊದಲ ಮತ್ತು ಎರಡನೇ ವರ್ಷ. ಕರಾರು, ಕುಟುಂಬ ಕಾನೂನು, ಆಸ್ತಿ ವರ್ಗಾವಣೆ, ಸಿವಿಲ್ ಪ್ರಕ್ರಿಯೆ. ನಾಲ್ಕೂ ಒಟ್ಟಿಗೇ, ಬಿಡಿಯಾಗಿ ಇಲ್ಲ. ಆವೃತ್ತಿ ಹಳೆಯದು, ಫೋಟೊ ನೋಡಿ. ಈ ತಿಂಗಳವರೆಗಿನ ತಿದ್ದುಪಡಿಗಳನ್ನು ಅಂಟಿಸಿದೆ, ಅದರಿಂದ ಪುಸ್ತಕ ಉಬ್ಬಿದೆ. ಹೊಸ ತೀರ್ಪುಗಳ ಚರ್ಚೆ ಇರುವುದಿಲ್ಲ. ಪೆನ್ಸಿಲ್ ಗೆರೆ ಇದೆ, ಪೆನ್ನಿನದು ಇಲ್ಲ. ಕರಾರಿನ ಪುಸ್ತಕದ ಬೆನ್ನು ಬಿಟ್ಟಿದೆ, ಹಾಳೆ ಎಲ್ಲ ಇವೆ. ಅಪರಾಧ ಕಾನೂನಿನ ಪುಸ್ತಕ ಕೊಡುತ್ತಿಲ್ಲ. ಆ ಕಾಯ್ದೆಯೇ ಹೋಗಿ ಬೇರೆ ಬಂದಿದೆ, ಚೀಟಿಯಿಂದ ಸರಿಹೋಗುವಂಥದ್ದಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಜೊತೆಗಿವೆ.”

“ಇಷ್ಟು ದೂರು ಹೇಳಿ ಯಾರಾದ್ರೂ ಮಾರ್ತಾರಾ?” ಅಂದಳು ಮಗಳು.

ಯಾರೂ ಕೊಳ್ಳದಿದ್ದರೆ ಒಳ್ಳೆಯದೇ ಎಂಬ ಆಸೆ ಅವನಿಗೆ ಒಳಗೊಳಗೇ ಇತ್ತು. ಹಾಗೇ ಆಯಿತು ಕೂಡ. ‘ಹೊಸ ಆವೃತ್ತಿ ಇದೆಯಾ’ ಅಂತ ಕೇಳಿದವರು, ‘ಇಲ್ಲ’ ಅಂದ ಕೂಡಲೇ ಮಾಯ. ಅವನು ಉಲ್ಲಾಸದಿಂದ ಓಡಾಡಿಕೊಂಡಿದ್ದ. ಅಷ್ಟರಲ್ಲಿ ಒಂದು ಸಂಜೆ ಖಾಕಿ ಬಟ್ಟೆಯಲ್ಲೇ, ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಕಂಡಕ್ಟರ್ ಒಬ್ಬಳು ಅಂಗಡಿಗೆ ಬಂದಳು. ಸಂಜೆ ಕಾಲೇಜಿಗೆ ಆ ವರ್ಷವೇ ಸೇರಿದವಳು, ಬೆಳೆದ ಮಕ್ಕಳ ತಾಯಿ. ಅವನು ಅಂಗಡಿಗೆ ತಂದಿಟ್ಟಿದ್ದ ಪುಸ್ತಕವನ್ನು ನಿಂತೇ ತಿರುವಿದಳು. ಒಂದು ಪುಟದಲ್ಲಿ ಚೀಟಿಯ ಗೋಂದು ಬೆರಳಿಗೆ ತುಸು ಅಂಟಿತು.

“ಅಣ್ಣ, ಇದು ಈಗ ತಾನೇ ಅಂಟಿಸಿದ್ದಲ್ವಾ. ಮಾರೋ ಪುಸ್ತಕಕ್ಕೆ ಇಷ್ಟು ಉಪಚಾರ ಯಾಕೆ?”

ಅವನು ಪುಟದ ಅಂಚು ನೇವರಿಸಿದ. “ಅಭ್ಯಾಸ ಆಗ್ಬಿಟ್ಟಿದೆ” ಅಂದ.

“ತಗೊಳ್ತೀನಿ. ಆದ್ರೆ ಮುಂದೆ ಬದಲಾದದ್ದು ನನಗೆ ಹೇಗೆ ಗೊತ್ತಾಗುತ್ತೆ?”

“ಮುಂದಿನ ಚೀಟಿಗಳೂ ಸೇರಿವೆ,” ಅಂದುಬಿಟ್ಟ. ಬಾಯಿಂದ ಬಂದ ಮೇಲೆಯೇ ಅವನಿಗೆ ಆ ಮಾತು ಕೇಳಿಸಿದ್ದು. ಅವಳು ನಕ್ಕು, ಚೌಕಾಸಿ ಮಾಡದೆ ಕಟ್ಟು ಎತ್ತಿಕೊಂಡು ಹೋದಳು.

ಗೂಡಿನಲ್ಲಿ ಮಗಳ ಪುಸ್ತಕಗಳು ಬಂದು ಕೂತವು, ಚೆನ್ನಾಗಿಯೂ ಕಂಡವು. ಊಟವಾದ ಮೇಲೆ ಕೈ ಏನು ಮಾಡಬೇಕೆಂದು ತಿಳಿಯದೆ ಅವನು ಬೇಗ ಮಲಗತೊಡಗಿದ. ನಿದ್ದೆ ಬರುತ್ತಿತ್ತು ಎಂದೇನಲ್ಲ.

ಕೆಲವು ವಾರ ಕಳೆದು ಒಬ್ಬ ವಕೀಲರು ಸಿವಿಲ್ ಪ್ರಕ್ರಿಯೆಯ ತಿದ್ದುಪಡಿ ತಂದು ಜೆರಾಕ್ಸ್ ಕೇಳಿದರು. ಅವನು ಫೋಟೊ ತೆಗೆದು ಕಂಡಕ್ಟರಿಗೆ ಕಳಿಸಿದ್ದರೆ ಮುಗಿದಿತ್ತು. ಕಳಿಸಲಿಲ್ಲ. ಸಾಲು ಕತ್ತರಿಸಿ, ಗೋಂದಿನ ಶೀಶೆ ಜೇಬಿಗಿಟ್ಟು, ಗಿರಾಕಿ ಬರುವ ಹೊತ್ತಿನಲ್ಲೇ ಷಟರ್ ಎಳೆದು ಕಾಲೇಜಿಗೆ ನಡೆದ.

ಕ್ಲಾಸು ಇನ್ನೂ ಶುರುವಾಗಿರಲಿಲ್ಲ. ಕಂಡಕ್ಟರ್ ಹಿಂದಿನ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. “ನೀವೇ ಅಂಟಿಸಿ ಅಣ್ಣ, ನಾನು ಅಂಟಿಸಿದ್ರೆ ಸೊಟ್ಟ ಆಗುತ್ತೆ.” ಅವನು ಗೋಂದು ಹಚ್ಚಿ ಚೀಟಿ ಇಟ್ಟು ಬೆರಳಿನಿಂದ ಒತ್ತಿ ಹಿಡಿದ. ಅಷ್ಟರಲ್ಲಿ ಮೇಷ್ಟ್ರು ಒಳಗೆ ಬಂದು ಹಾಜರಿ ಪುಸ್ತಕ ತೆರೆದರು. ಏಳಬೇಕಿತ್ತು. ಗೋಂದು ಹಸಿ ಇದೆ ಎಂದು ತನಗೆ ತಾನೇ ಹೇಳಿಕೊಂಡು ಕೂತ.

ಹೆಸರುಗಳು ಅಕ್ಷರದ ಸಾಲಿನಲ್ಲಿ ಬರುತ್ತಿದ್ದವು. ತನ್ನ ಅಕ್ಷರ ಹತ್ತಿರವಾದಂತೆ ಅವನ ಬೆನ್ನು ನೆಟ್ಟಗಾಯಿತು, ಗಂಟಲು ತಯಾರಾಯಿತು. ಬುದ್ಧಿ ಬೇಡ ಬೇಡವೆಂದರೂ ಅವನು ಕಾದ. ಮೇಷ್ಟ್ರು ಆ ಅಕ್ಷರ ದಾಟಿ ಮುಂದಿನದಕ್ಕೆ ಹೋದರು. ಪಟ್ಟಿಯಲ್ಲಿ ಯಾರ ಹೆಸರೂ ತಪ್ಪಿಹೋಗಿರಲಿಲ್ಲ. ಇಷ್ಟು ಆಸೆ ತನ್ನಲ್ಲಿ ಇನ್ನೂ ಉಳಿದಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಪಾಠ ಶುರುವಾಯಿತು. ಕಂಡಕ್ಟರ್ ಪುಟವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಒಣಗಿತು ಅಣ್ಣ,” ಅಂದಳು ಮೆಲ್ಲಗೆ.

“ಇಲ್ಲಮ್ಮ,” ಅಂದ ಅವನು, ಕೈ ತೆಗೆಯದೆ. “ಇನ್ನೂ ಸ್ವಲ್ಪ ಹೊತ್ತು ಬೇಕು.”