ಮೀಟಿಂಗಿನಲ್ಲಿ ಬೈಸಿಕೊಂಡು ತಣ್ಣಗೆ ತೀರಿಸಿಕೊಂಡ ಸೇಡು

"ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತೆ" ಎಂದು ಬುದ್ಧಿ ಹೇಳುವವರು ಇದನ್ನು ಓದದೆ ಮುಂದೆ ಹೋಗಿ. ಬೇಜಾರಿಲ್ಲ. ನನ್ನ ಮನಸ್ಸು ಹಗುರಾಗಿದ್ದು ಕ್ಷಮಿಸಿದ್ದರಿಂದ ಅಲ್ಲ, ತೀರಿಸಿಕೊಂಡಿದ್ದರಿಂದ. ಅದೂ ಒಂದು ಸಲವೂ ದನಿ ಎತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನಲ್ಲಿ ತೆಂಗು ಬೆಳೆಗಾರರದೊಂದು ಸಣ್ಣ ಸಹಕಾರ ಸಂಘ. ರೈತರು ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ ಕಾಯಿ ಒಡೆದು, ಉಂಡೆ ಕೊಬ್ಬರಿ ತೆಗೆದು, ಚೀಲ ತುಂಬಿ ತಂದು ನಮ್ಮ ಗೋಡೌನಿಗೆ ಹಾಕುತ್ತಿದ್ದರು. ಸಂಘ ಅದನ್ನು ಟೆಂಡರಿಗೆ ಇಟ್ಟು ಮಾರಿಕೊಡುತ್ತಿತ್ತು. ನಾನು ಬಿಳಿಗೆರೆಯಿಂದ ಬಸ್ಸಿನಲ್ಲಿ ಬಂದುಹೋಗುವ ಹಂಗಾಮಿ ಗುಮಾಸ್ತೆ. ಗೋಡೌನಿನ ಬೀಗದಕೈ ನನ್ನ ಹತ್ತಿರ, ಮೀಟಿಂಗಿನ ನಡಾವಳಿ ಬರೆಯುವುದೂ ನನ್ನ ಪಾಲು. ಕೆಲಸ ಕಾಯಂ ಆಗುವುದೊಂದು ಬಾಕಿ. ಮನೆಯಲ್ಲಿ ಸಂಬಳ ತರುತ್ತಿದ್ದವಳು ನಾನೊಬ್ಬಳೇ.

ನನ್ನ ಮೇಲಿದ್ದವರು ಸೂಪರ್‌ವೈಸರ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಬರೆಯುವುದು ಮಾತ್ರ ನನ್ನ ಪೆನ್ನಿನಲ್ಲಿ. ಗಂಟಲು ಮಾತ್ರ ಸಂತೆಯಲ್ಲಿ ಎತ್ತು ಮಾರುವವನದು. ನನ್ನ ಜಾಗಕ್ಕೆ ತನ್ನ ಷಡ್ಡಕನ ಮಗನನ್ನು ತಂದು ಕೂರಿಸಬೇಕೆಂದು ಆತನಿಗೆ ಆಸೆ. ಅದು ಆಫೀಸಿನ ಗೋಡೆಗೂ ಗೊತ್ತಿತ್ತು.

ಸೇರಿದ ಹೊಸದರಲ್ಲೇ ಒಂದು ಸಲ ನಾಲ್ಕು ಜನರ ಮುಂದೆ ಕೂಗಾಡಿದ್ದ. ಯಾವುದೋ ಚೀಟಿ ಸಿಗಲಿಲ್ಲವೆಂದು. ಆಮೇಲೆ ಅದು ಆತನ ಜೇಬಿನಲ್ಲೇ ಇತ್ತು, ಅದು ಬಿಡಿ. ನಾನು ಅತ್ತುಬಿಟ್ಟೆ. ಅತ್ತಿದ್ದಕ್ಕೆ ಆತ ಸುಮ್ಮನಾದನೇ? ಇಲ್ಲ. "ಹೆಣ್ಮಕ್ಳನ್ನ ಕೆಲ್ಸಕ್ಕಿಟ್ಕೊಂಡ್ರೆ ಹಿಂಗೇಯ, ಒಂದ್ ಮಾತಂದ್ರೆ ಕೋಡಿ ಬೀಳ್ತದೆ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ನಕ್ಕ. ಕೆರೆ ಕೋಡಿ ಬಿದ್ದ ಹಾಗಂತೆ ನನ್ನ ಕಣ್ಣೀರು. ಅವತ್ತು ನಿರ್ಧಾರ ಮಾಡಿದೆ, ಇವನ ಮುಂದೆ ಇನ್ನೊಂದು ಹನಿ ಬೀಳಬಾರದು.

ನಿರ್ಧಾರವೇನೋ ಸರಿ, ಮಾಡುವುದು ಹೇಗೆ? ಕಲಿಸಿದ್ದು ನಮ್ಮ ಅಂಗಳದಲ್ಲಿ ಕೊಬ್ಬರಿ ಆರಿಸುತ್ತಿದ್ದ ಒಬ್ಬಾಕೆ. ದಿನವೂ ಯಾರಾದರೊಬ್ಬರ ಬಾಯಿಗೆ ಸಿಗುವವಳು. ಅವಳ ಪಕ್ಕ ಕೂತು ಬುತ್ತಿ ಬಿಚ್ಚುತ್ತಾ ಕೇಳಿದೆ.

"ಅಷ್ಟು ಬೈತಾರಲ್ಲಕ್ಕ, ನಿಂಗೆ ಅಳು ಬರಲ್ವಾ?"

"ಬೈಯೋನ್ ಕಣ್ಣು ನೋಡಿದ್ರೆ ಅಳು ಬತ್ತದೆ ಕಣವ್ವ. ಗಂಟ್ಲು ನೋಡು. ಓತಿಕ್ಯಾತನಂಗೆ ಮ್ಯಾಕ್ಕೆ ಕೆಳಕ್ಕೆ ಆಡ್ತಿರ್ತದೆ. ನಗು ತಡ್ಕಳದೇ ಕಷ್ಟ."

"ಆಮೇಲೆ?"

"ಆಮ್ಯಾಕೇನು, ಕೈ ನಿಲ್ಲಿಸ್ಬ್ಯಾಡ. ಕೈ ನಿಂತ್ರೆ ಹೆದರ್ಕಂಡ್ಳು ಅಂತ ತಿಳ್ಕತಾನೆ. ಅವ್ನು ಉಸ್ರು ತಗಳಕೆ ನಿಲ್ಲಿಸ್ತಾನಲ್ಲ, ಆವಾಗ ಒಂದೇ ಒಂದ್ ಮಾತು ಕೇಳು. ಬೈಗುಳ ಅಲ್ಲ, ಪ್ರಶ್ನೆ."

ಈಗಿನವರು ಇದಕ್ಕೆ ಏನೇನೋ ತರಬೇತಿ ಶಿಬಿರ ಮಾಡುತ್ತಾರೆ. ನನಗೆ ಬುತ್ತಿಯ ಒಂದು ಹೋಳು ಉಪ್ಪಿನಕಾಯಿಯ ಬೆಲೆಗೆ ಸಿಕ್ಕಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಆ ವರ್ಷದ ಆಯುಧಪೂಜೆಗೆ ನಾನು ರಜೆ ಹಾಕಿದ್ದೆ. ಹಿಂದಿನ ದಿನವೇ ಸೂಪರ್‌ವೈಸರ್ ಬೀಗದಕೈ ಇಸಿದುಕೊಂಡ. ಪೂಜೆಯ ಯಜಮಾನಿಕೆ ಎಂದರೆ ಆತನಿಗೆ ಪ್ರಾಣ. ಗೋಡೌನು ತೊಳೆಸಿ, ತಕ್ಕಡಿಗೆ ಸೇವಂತಿಗೆ ಹಾರ ಹಾಕಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆಸಿ, ಅಧ್ಯಕ್ಷರ ಪಕ್ಕ ನಿಂತು ಮಂಗಳಾರತಿ ತಗೊಂಡನಂತೆ. ಬರಿದಾದ ಗೋಡೌನಿಗೆ ಆರತಿ ಎತ್ತಬಾರದು, ಲಕ್ಷ್ಮಿ ತುಂಬಿರಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಹಾಗಾಗಿ ನೆಲ ತೊಳೆಯಲೆಂದು ಆಚೆ ಸಾಗಿಸಿದ್ದ ಕೊಬ್ಬರಿ ಚೀಲಗಳನ್ನು ಪೂಜೆಯ ಹೊತ್ತಿಗೆ ವಾಪಸ್ ಜೋಡಿಸಿದ್ದರು. ರಜೆ ಮುಗಿಸಿ ಬಂದಾಗ ನನಗೆ ಕಂಡಿದ್ದು ಎಂದಿನಂತೆ ಸೂರಿನವರೆಗೆ ಪೇರಿಸಿದ ಚೀಲದ ಗೋಡೆ ಮತ್ತು ಅದರ ಮೇಲಿನ ಕುಂಕುಮ.

ಮುಂದಿನ ಟೆಂಡರಿಗೆ ಆ ಗೋಡೆಯ ಒಂದು ಮಗ್ಗುಲಿನ ಚೀಲಗಳು ಹೋದವು. ಖರೀದಿದಾರರು ಕೆಲವನ್ನು ಸುರಿದು ನೋಡಿ ವಾಪಸ್ ಕಳಿಸಿದರು. ಬೂಷ್ಟು. ಹಸಿರು ಬೂಷ್ಟು. ತಿಪಟೂರಿನ ಕೊಬ್ಬರಿಗೆ ಬೂಷ್ಟು ಹಿಡಿಯಿತೆಂದರೆ ಬೆಳೆಗಾರನಿಗೆ ಮನೆಯ ಮರ್ಯಾದೆ ಹೋದ ಹಾಗೆ. ಸಂಘದ ನಿರ್ದೇಶಕರೆಲ್ಲ ಬೆಳೆಗಾರರೇ, ಕೆಲವರ ಚೀಲವೂ ಅದರಲ್ಲಿ ಇತ್ತು. ಆ ವಾರದ ಮೀಟಿಂಗು ಹೇಗಿದ್ದೀತು ಯೋಚಿಸಿ. ಅದೇ ಮೀಟಿಂಗಿನಲ್ಲಿ ನನ್ನ ಕಾಯಂ ವಿಷಯವೂ ಬರಬೇಕಿತ್ತು.

ಅಧ್ಯಕ್ಷರು ದಬ್ಬೇಘಟ್ಟದ ಕಡೆಯ ಹಿರಿಯರು, ತೋಟದವರು, ಮಾತು ಕಮ್ಮಿ. "ಕೊಬ್ಬರಿ ಯಾಕೆ ಹಿಂಗಾಯ್ತು?" ಎಂದು ಕೇಳಿದರಷ್ಟೆ. ಸೂಪರ್‌ವೈಸರ್ ಕುರ್ಚಿ ತಳ್ಳಿ ಎದ್ದು ನಿಂತ. ಅಧ್ಯಕ್ಷರ ಕಡೆಗಲ್ಲ, ನನ್ನ ಕಡೆಗೆ.

"ಇವ್ಳನ್ನ ಕೇಳಿ! ಬೀಗದಕೈ ಸೊಂಟಕ್ಕೆ ಸಿಗಿಸ್ಕೊಂಡು ತಿರುಗ್ತಾಳಲ್ಲ, ಇವ್ಳನ್ನ ಕೇಳಿ! ಏನಮ್ಮ, ಕಣ್ಣು ಎಲ್ಲಿಟ್ಟಿದ್ದೆ? ಗೋಡೌನು ನೋಡೋ ಯೋಗ್ಯತೆ ಇಲ್ದಿದ್ಮೇಲೆ ಮನೇಲಿ ರೊಟ್ಟಿ ತಟ್ಕೊಂಡಿರು, ಹೋಗು! ಇಂಥೋರ್ನ ಕಾಯಂ ಮಾಡಿದ್ರೆ ಸಂಘ ಮುಚ್ಚಿ ಬೀಗ ಹಾಕ್ಬೇಕು!"

ಮೇಜು ಗುದ್ದಿದ. ಟೀ ಲೋಟಗಳು ಗಲಗಲ ಅಂದವು. ಎಲ್ಲರೂ ನನ್ನನ್ನು ನೋಡಿದರು. ಕೋಡಿ ಬೀಳುತ್ತದೆಂದು ಕಾಯುತ್ತಿದ್ದರು ಅನಿಸುತ್ತದೆ.

ನನ್ನೊಳಗೆ ಏನಾಗುತ್ತಿತ್ತು ಗೊತ್ತೇ? ಕಿವಿ ಕಾದು ಕೆಂಡವಾಗಿತ್ತು. ಮೇಜಿನ ಮೇಲಿನ ಶಾಯಿ ಬಾಟಲಿ ಆ ಬಿಳಿ ಶರ್ಟಿನ ಮೇಲೆ ಹೇಗೆ ಹರಡುತ್ತದೆಂಬ ಚಿತ್ರ ಕಣ್ಣಮುಂದೆ ನಿಂತಿತ್ತು. ಆದರೆ ಒಂದು ಲೆಕ್ಕ ಅಷ್ಟೇ ಸ್ಪಷ್ಟವಾಗಿತ್ತು. ಅತ್ತರೆ ಕೈಲಾಗದವಳು, ತಿರುಗಿ ಕೂಗಿದರೆ ಬಜಾರಿ. ಎರಡರಲ್ಲಿ ಯಾವುದಾದರೂ ಷಡ್ಡಕನ ಮಗನಿಗೆ ಕುರ್ಚಿ.

ಎರಡೂ ಪಾದ ನೆಲಕ್ಕೆ ಊರಿದೆ. ಗಂಟಲು ನೋಡಿದೆ. ಆಡುತ್ತಿತ್ತು, ಸುಳ್ಳಲ್ಲ. ಕೈ ನಿಲ್ಲಿಸಲಿಲ್ಲ, ಬರೆಯುತ್ತಾ ಹೋದೆ. ಉಸಿರು ತೆಗೆದುಕೊಳ್ಳಲು ಆತ ನಿಂತ. ಆಗ ತಲೆಯೆತ್ತಿದೆ.

"ಸಾರ್, ನಡಾವಳಿಗೆ ಬರ್ಕೋತಾ ಇದೀನಿ. ಯೋಗ್ಯತೆ ಇಲ್ಲ ಅನ್ನೋವರ್ಗೂ ಬಂತು. ಅದರ ಮುಂದಿಂದು ಇನ್ನೊಂದ್ಸಲ ನಿಧಾನಕ್ಕೆ ಹೇಳ್ತೀರಾ?"

ಮೂಲೆಯಲ್ಲಿದ್ದ ನಿರ್ದೇಶಕರೊಬ್ಬರಿಗೆ ಟೀ ನೆತ್ತಿಗೇರಿತು. ಸೂಪರ್‌ವೈಸರ್ ಜೇಬಿನ ಪೆನ್ನು ಸರಿಮಾಡಿಕೊಂಡ. ಕೂಗಿದ್ದನ್ನು ನಿಧಾನವಾಗಿ ಮತ್ತೊಮ್ಮೆ ಹೇಳುವುದು ಯಾರಿಗೂ ಆಗುವ ಕೆಲಸವಲ್ಲ. ನೀವು ಬೇಕಾದರೆ ಮನೆಯಲ್ಲಿ ಪ್ರಯತ್ನಿಸಿ ನೋಡಿ.

"ಅದೆಲ್ಲ ಬರಿಯೋದಲ್ಲಮ್ಮ..." ಎಂದ.

"ಹಂಗಾದ್ರೆ ಬಿಡ್ತೀನಿ ಸಾರ್. ಕೊಬ್ಬರಿ ಕೆಟ್ಟಿರೋದು ನಿಜ. ನನ್ನಿಂದ ಆಗಿದ್ರೆ ಇಲ್ಲೇ ಒಪ್ಕೋತೀನಿ. ಆದ್ರೆ ಕೂಗಿದ್ರೆ ನಂಗೆ ಉತ್ತರ ಹೇಳಕ್ಕಾಗಲ್ಲ, ಕೂತ್ಕೊಂಡು ಕೇಳಿ." ಆಮೇಲೆ ಅಧ್ಯಕ್ಷರ ಕಡೆ ತಿರುಗಿದೆ. "ವಾಪಸ್ ಬಂದ ಚೀಲ ಗೋಡೌನಲ್ಲೇ ಇದೆ. ಮಿಕ್ಕಿದ್ದೂ ಇದೆ. ಎಲ್ರೂ ಒಂದ್ಸಲ ನೋಡಿಬಿಟ್ರೆ ಒಳ್ಳೇದಲ್ವಾ ಸಾರ್? ಆಮೇಲೆ ಯಾರನ್ನ ಬೈಬೇಕು ಅಂತ ತೀರ್ಮಾನ ಮಾಡ್ಬೋದು."

ದನಿ ನಡುಗಲಿಲ್ಲ. ಹೇಳುತ್ತಲೇ ನಡಾವಳಿ ಪುಸ್ತಕದ ಪುಟ ತಿರುಗಿಸಿದೆ.

ಅಧ್ಯಕ್ಷರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. "ನಡೀರಿ."

ಹಮಾಲಿಗಳು ಸಾಲು ಇಳಿಸಿದರು. ಮೇಲಿನ ಚೀಲ ಬಿಚ್ಚಿದರೆ ಕೊಬ್ಬರಿ ಹೊಳೆಯುತ್ತಿತ್ತು. ನಡುವಿನದೂ ಚೆನ್ನ. ತಳದ ಸಾಲು ಎಳೆದಾಗ ಮಾತ್ರ ಗೋಣಿಯ ಕೆಳಭಾಗ ಕಪ್ಪಗೆ ತೇವ, ಮುಗ್ಗಲು ವಾಸನೆ. ಕೆಳಗೆ ಬರೀ ಸಿಮೆಂಟು ನೆಲ.

"ಹಲಗೆ ಎಲ್ಲಿ?" ಎಂದರು ಅಧ್ಯಕ್ಷರು. ಚೀಲಕ್ಕೆ ನೆಲದ ತೇವ ತಾಗದಿರಲೆಂದು ಕೆಳಗೆ ಮರದ ಹಲಗೆ ಹಾಸುವುದನ್ನು ತೆಂಗಿನ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಪೂಜೆಯ ದಿನ ಬೀಗದಕೈ ಯಾರ ಹತ್ತಿರ ಇತ್ತೆಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅದೇ ಅವತ್ತು ನಾನು ಮಾಡಿದ ಅತಿ ಕಷ್ಟದ ಕೆಲಸ.

ಹಮಾಲಿಗಳ ಯಜಮಾನ ತಲೆ ಕೆರೆದುಕೊಂಡ. "ಹಿತ್ಲಾಗವೆ ಬುದ್ಧಿ. ಪೂಜೆ ದಿನ ತೊಳ್ಯಕೆ ತೆಗ್ಸಿದ್ರು. ನೆಲ ಇನ್ನಾ ಆರಿಲ್ಲ, ಹಲ್ಗೆ ಒಣಗಿಲ್ಲ ಅಂದೆ. ಆರ್ತಿ ಹೊತ್ತಾಯ್ತು ಜೋಡ್ಸ್ರೋ ಅಂದ್ರು."

"ಯಾರಂದಿದ್ದು?"

ಆತ ಯಾರನ್ನೂ ತೋರಿಸಲಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ. ಎಲ್ಲರೂ ಆವತ್ತು ಪೂಜೆಗೆ ಬಂದವರೇ, ಆರತಿ ತಟ್ಟೆ ಯಾರ ಕೈಯಲ್ಲಿತ್ತೆಂದು ಕಂಡವರೇ. ಬಿಳಿ ಶರ್ಟಿನ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಆ ನೋಟವನ್ನು ನಾನು ಹಬ್ಬದ ಊಟದ ಹಾಗೆ ಸವಿದೆ. ನಾಚಿಕೆ ಇಲ್ಲ ಹೇಳಿಕೊಳ್ಳಲು.

ಮಿಕ್ಕ ವಿಷಯ ಮುಂದಿನ ಮೀಟಿಂಗಿಗೆ ಎಂದು ಅಧ್ಯಕ್ಷರು ಬಸ್ಸಿಗೆ ಹೊರಟರು. ಎಲ್ಲರೂ ಹೋದ ಮೇಲೆ ಆತ ನನ್ನ ಮೇಜಿನ ಹತ್ತಿರ ಬಂದ. ದನಿ ಬೆಣ್ಣೆಯಾಗಿತ್ತು.

"ಏನೋ ಸಿಟ್ಟಲ್ಲಿ ಒಂದ್ ಮಾತು ಅಂದ್ಬುಟ್ಟೆ ಕಣಮ್ಮ. ಮನಸ್ಸಿಗೆ ಹಚ್ಕೋಬೇಡ."

"ಸಾರ್, ನೀವು ಬೈದಿದ್ದು ಎಲ್ರ ಮುಂದೆ. ಇಲ್ಲಿ ಯಾರೂ ಇಲ್ವಲ್ಲ."

"ಅಂದ್ರೆ?"

"ಮುಂದಿನ ಮೀಟಿಂಗಲ್ಲಿ ಹೇಳಿ ಸಾರ್. ಅಲ್ಲೀವರ್ಗೂ ಮನಸ್ಸಿಗೆ ಹಚ್ಕೊಂಡೇ ಇರ್ತೀನಿ."

ಇಷ್ಟನ್ನೂ ನಗುತ್ತಲೇ ಹೇಳಿದೆ. ಅಲ್ಲಿಂದ ಮುಂದಿನ ಮೀಟಿಂಗಿನವರೆಗೆ ನಾನು ಆತನಿಗೆ ಕೊಟ್ಟ ಶಿಕ್ಷೆ ಎಂದರೆ ಮರ್ಯಾದೆ. ಬೆಳಿಗ್ಗೆ "ನಮಸ್ಕಾರ ಸಾರ್", ಸಂಜೆ "ಬತ್ತೀನಿ ಸಾರ್", ಕೇಳಿದ ಕಾಗದ ಕೇಳಿದ ತಕ್ಷಣ. ಸಿಡುಕಲಿಲ್ಲ, ಮುಖ ತಿರುಗಿಸಲಿಲ್ಲ, ಯಾರ ಹತ್ತಿರವೂ ದೂರಲಿಲ್ಲ. ಬೈಯಲು ಒಂದು ನೆಪವೂ ಸಿಗದೆ ಆತ ಸೊರಗಿದ. ನನಗೆ ಊಟ ರುಚಿಸುತ್ತಿತ್ತು.

ಮುಂದಿನ ಮೀಟಿಂಗಿನಲ್ಲಿ ನನ್ನ ಕಾಯಂ ವಿಷಯ ಬಂತು. ಮೇಲಿನವರ ಅಭಿಪ್ರಾಯ ಕೇಳುವುದು ನಿಯಮ. ಅಧ್ಯಕ್ಷರು, "ನೀವೇನಂತೀರಿ?" ಎಂದು ಸೂಪರ್‌ವೈಸರ್ ಕಡೆ ನೋಡಿದರು. ಆತ ಒಮ್ಮೆ ನನ್ನ ಕಡೆ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ.

ಎದ್ದು ನಿಂತ. ಈ ಸಲ ಕುರ್ಚಿ ಸದ್ದು ಮಾಡಲಿಲ್ಲ.

"ಹೋದ್ಸಲ ಈಯಮ್ಮನ ಮೇಲೆ ಕೂಗಾಡಿದ್ದು ತಪ್ಪಾಯ್ತು. ಹಲಗೆ ಹಾಕಿಸ್ದೇ ಇದ್ದಿದ್ದು ನಾನು. ಕಾಯಂ ಮಾಡೋಕೆ ನಂದೇನೂ ಅಡ್ಡಿ ಇಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. "ಅಯ್ಯೋ ಪರವಾಗಿಲ್ಲ ಬಿಡಿ ಸಾರ್" ಎಂದು ನಾನು ಹೇಳಲೆಂದು ಕಾಯುತ್ತಿದ್ದರು. ಹೆಣ್ಣುಮಕ್ಕಳ ಬಾಯಲ್ಲಿ ಆ ಮಾತು ಸಿದ್ಧವಾಗಿಯೇ ಇರುತ್ತದೆಂದು ಜನರ ನಂಬಿಕೆ.

"ಸರಿ ಸಾರ್, ಕೇಳಿಸ್ಕೊಂಡೆ," ಎಂದೆ.

ಅಧ್ಯಕ್ಷರು ಕಾಯಂ ಎಂದರು. ಸೂಪರ್‌ವೈಸರ್ ಇನ್ನೂ ನಿಂತೇ ಇದ್ದ. ಕೂತುಕೊಳ್ಳಿ ಎಂದು ನಾನಂತೂ ಹೇಳಲಿಲ್ಲ.