ಎರಡು ಸಾಲಿನ ಸಾರಾಂಶ

ದೊಡ್ಡದನ್ನು ಚಿಕ್ಕದಾಗಿ ಹೇಳುವ ವಿದ್ಯೆಯ ಮೇಲೆಯೇ ರಾಜ್ಯಾಡಳಿತ ನಿಂತಿದೆ. ಹೀಗೆ ನಂಬಿದ್ದವನು ಗೌರಿಬಿದನೂರಿನ ನಮ್ಮ ತಾಲ್ಲೂಕು ಕಚೇರಿಯಲ್ಲಿ ನಾನೊಬ್ಬನೇ.

ಜನ ಕೊಡುವ ಅರ್ಜಿಗಳ ಸಾರಾಂಶ ಬರೆದು ಸಾಹೇಬರ ಮುಂದಿಡುವುದು ನನ್ನ ಕೆಲಸವಾಗಿತ್ತು. "ನಿಮ್ಮ ಸಾರಾಂಶ ಇದ್ರೆ ಅರ್ಜಿ ಓದೋದೇ ಬೇಡ ಕಣ್ರೀ" ಎಂದು ಸಾಹೇಬರು ಒಮ್ಮೆ ಅಂದಿದ್ದರು. ಆ ಮಾತನ್ನೇ ಮೆಲುಕು ಹಾಕುತ್ತಾ ವರ್ಷಗಳನ್ನು ಕಳೆದಿದ್ದೆ.

ಆಮೇಲೆ ಶಿಡ್ಲಘಟ್ಟದಿಂದ ಒಬ್ಬ ಹೆಣ್ಣುಮಗಳು ವರ್ಗವಾಗಿ ಬಂದರು. ಅರ್ಧ ಅರ್ಜಿಗಳು ಅವರ ಮೇಜಿಗೆ ಹೋದವು. ಆರು ಪುಟದ ಜಮೀನು ತಕರಾರನ್ನು ಅವರು ನಾಲ್ಕು ಸಾಲಿಗೆ ಇಳಿಸಿದ ದಿನ ಸಾಹೇಬರು "ಭೇಷ್" ಅಂದರು. ನನಗೆ ಆ ಪದ ಒಮ್ಮೆಯೂ ಸಿಕ್ಕಿರಲಿಲ್ಲ. ಅಂದಿನಿಂದ ಅವರ ಟಿಪ್ಪಣಿಗಳನ್ನು ತಪ್ಪು ಹುಡುಕುತ್ತಾ ಓದತೊಡಗಿದೆ.

ಅವರನ್ನು ಸಿಕ್ಕಿಸುವ ಅವಕಾಶ ತಾನಾಗಿಯೇ ಬಂತು. ಅಲೀಪುರದ ಕಡೆಯ ಹಳ್ಳಿಯೊಂದರ ಅರ್ಜಿ: "ನಮ್ಮ ಬೀದಿ ಬೋರ್‌ವೆಲ್ಲಿನ ಮೋಟರ್ ಸುಟ್ಟು ನಾಲ್ಕು ದಿನ ಆಯಿತು. ರಿಪೇರಿ ಮಾಡಿಸಿಕೊಡಿ." ಅದರ ಟಿಪ್ಪಣಿ ಹಾಳೆಯಲ್ಲಿ ಸಾರಾಂಶವೇ ಇರಲಿಲ್ಲ. "ಅರ್ಜಿಯೇ ಎರಡು ಸಾಲು. ಅದನ್ನೇ ಮೇಲೆ ಇಟ್ಟಿದೆ" ಎಂದಷ್ಟೇ ಇತ್ತು.

"ಇದೇನಮ್ಮಾ, ಸಾರಾಂಶ ಎಲ್ಲಿ?" ಎಂದು ಕೇಳಿದೆ.

"ಎರಡು ಸಾಲಿಗೆ ಇನ್ನೇನ್ ಬರೆಯಣ ಸಾರ್? ಅದನ್ನೇ ತಿರುಗಿಸಿ ಬರೀಬೇಕು. ಅದರ ಬದಲು ಅದನ್ನೇ ಓದ್ಲಿ ಬಿಡಿ."

ಕೆಲಸಗಳ್ಳತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಾನೇ ಕುಳಿತು ಬರೆದೆ: "ಅರ್ಜಿದಾರರು ಸದರಿ ಬೀದಿಯ ಕೊಳವೆಬಾವಿಯ ಮೋಟರ್ ನಾಲ್ಕು ದಿನಗಳ ಹಿಂದೆ ಸುಟ್ಟುಹೋಗಿರುವುದಾಗಿಯೂ, ತತ್ಪರಿಣಾಮವಾಗಿ ಕುಡಿಯುವ ನೀರಿಗೆ ಹಾಹಾಕಾರ ಉಂಟಾಗಿರುವುದಾಗಿಯೂ ತಿಳಿಸಿ, ಸದರಿ ಮೋಟರನ್ನು ದುರಸ್ತಿಪಡಿಸಲು ಕೋರಿರುತ್ತಾರೆ." ಹಾಹಾಕಾರ ನನ್ನ ಕಡೆಯಿಂದ. ಅದಿಲ್ಲದಿದ್ದರೆ ಬರೀ ಅರ್ಜಿಯನ್ನೇ ನಕಲು ಮಾಡಿದಂತೆ ಕಾಣುತ್ತಿತ್ತು.

ಅರ್ಜಿಯನ್ನೂ ನನ್ನ ಸಾರಾಂಶವನ್ನೂ ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಆಕೆಯನ್ನೂ ಕರೆಸಿದೆ, ಬೈಸಿಕೊಳ್ಳುವುದನ್ನು ಕಣ್ಣಾರೆ ನೋಡಬೇಕಿತ್ತು.

ಸಾಹೇಬರು ಮೊದಲು ನನ್ನದನ್ನು ಓದಿ ಗಾಬರಿಯಾದರು. "ಕುಡಿಯೋಕೆ ನೀರೇ ಇಲ್ವಾ? ಈಗ್ಲೇ ಟ್ಯಾಂಕರ್ ಕಳ್ಸಿ!" ಎನ್ನುತ್ತಲೇ ಅರ್ಜಿಯ ಮೇಲೆ ಕಣ್ಣಾಡಿಸಿದರು. "ಹಾಹಾಕಾರ ಇಲ್ಲೆಲ್ಲಿದೇರೀ?"



"ಆ ಬೀದಿ ಕೊನೇಲಿ ಬೇರೆ ನಲ್ಲಿ ಇದೆ ಸಾರ್, ನೀರು ಬರ್ತಿದೆ, ಫೋನ್ ಮಾಡಿ ಕೇಳ್ದೆ" ಎಂದರು ಆಕೆ. ಅದನ್ನು ನನ್ನ ಕಡೆ ನೋಡದೆ ಹೇಳಿದ್ದೇ ಹೆಚ್ಚು ಉರಿಸಿತು.

"ಎರಡು ಸಾಲನ್ನ ಐದು ಸಾಲು ಮಾಡೋದಕ್ಕೆ ಸಾರಾಂಶ ಅಂತಾರೇನಪ್ಪಾ?" ಎಂದರು ಸಾಹೇಬರು. ಅರ್ಜಿಯ ಅಂಚಿನಲ್ಲೇ "ದುರಸ್ತಿ ಮಾಡಿಸಿ" ಎಂದು ಗೀಚಿ ಸಹಿ ಹಾಕಿದರು.

ಮೋಟರ್ ಮಾರನೆಯ ದಿನ ರಿಪೇರಿಯಾಯಿತು. ಈಗ ಎಲ್ಲಾ ಅರ್ಜಿಗಳೂ ಆಕೆಯ ಮೇಜಿಗೇ ಹೋಗುತ್ತವೆ.